ಎಫ್‌ಟಿಪಿಯಲ್ಲಿ ಡೇಟಾ ಇಳಿಸೋ ಮೊದಲು ಆಸ್ಕಿ ಮೋಡ್ ಇದೆಯಾ ನೋಡಿಕೊಳ್ಳಿ

ಹಳೇ ಯೂನಿವರ್ಸಿಟಿ ಸರ್ವರ್‌ಗಳಿಂದ ಡೇಟಾ ಫೈಲ್ ಇಳಿಸಿಕೊಳ್ಳುವವರು ಇದನ್ನೊಮ್ಮೆ ಓದಿ. `226 Transfer complete` ಅಂತ ಬಂದ ಮಾತ್ರಕ್ಕೆ ಫೈಲ್ ಸರಿಯಾಗಿ ಬಂದಿದೆ ಅಂತ ನಂಬಬೇಡಿ. ನಾನು ನಂಬಿದ್ದಕ್ಕೆ ಇಡೀ ಲೆಕ್ಕಾಚಾರವನ್ನೇ ಮತ್ತೆ ಮಾಡಬೇಕಾಯಿತು.

ನನಗೆ ಬೇಕಿದ್ದದ್ದು ತಿಂಗಳುವಾರು ತಾಪಮಾನದ ಫೈಲ್‌ಗಳು. ಸರ್ವರ್ ಎಫ್‌ಟಿಪಿ ಮಾತ್ರ ಕೊಡುತ್ತಿತ್ತು. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲೇ ಎಫ್‌ಟಿಪಿ ಕೈಬಿಟ್ಟಿವೆ, ಹಾಗಾಗಿ ವಿಂಡೋಸ್‌ನಲ್ಲಿ ಒಂದು ಕ್ಲೈಂಟ್ ಹಾಕಿಕೊಂಡೆ. anonymous ಅಂತ ಲಾಗಿನ್ ಆಗಿ ಎಲ್ಲ ಫೈಲ್‌ಗಳನ್ನೂ ಎಳೆದುಕೊಂಡೆ. ಒಂದೇ ಒಂದು ಎರರ್ ಬರಲಿಲ್ಲ.

ಒಂದೊಂದು ಡಿಗ್ರಿಯ ಗ್ರಿಡ್ ಅದು. 360 ಕಾಲಮ್, 180 ಸಾಲು, ಪ್ರತಿ ಸಂಖ್ಯೆಗೆ 4 ಬೈಟ್. ಅಂದರೆ ಫೈಲ್ ಸರಿಯಾಗಿ 2,59,200 ಬೈಟ್ ಇರಬೇಕು. ನನ್ನ ಕಂಪ್ಯೂಟರ್‌ನಲ್ಲಿ ಒಂದು ಫೈಲ್ 2,59,871 ಬೈಟ್ ಇತ್ತು. ಕಡಿಮೆ ಬಂದಿದ್ದರೆ ಅನುಮಾನ ಬರುತ್ತಿತ್ತೇನೋ. ಜಾಸ್ತಿ ಬಂದರೆ ಯಾರು ನೋಡ್ತಾರೆ, ಅಲ್ವಾ?

ಆ 671 ಬೈಟ್ ಎಲ್ಲಿಂದ ಬಂತು ಅಂದರೆ, ಯುನಿಕ್ಸ್‌ನಲ್ಲಿ ಸಾಲಿನ ಕೊನೆಗೆ ಒಂದೇ ಬೈಟ್ ಇರುತ್ತದೆ, ಅದರ ಬೆಲೆ 10. ವಿಂಡೋಸ್‌ನಲ್ಲಿ ಎರಡು, 13 ಮತ್ತು 10. ಆಸ್ಕಿ ಮೋಡ್‌ನಲ್ಲಿ ಸರ್ವರ್ ಪ್ರತಿ 10ರ ಮುಂದೆ ಒಂದು 13 ಸೇರಿಸಿ ಕಳಿಸುತ್ತದೆ. ಟೆಕ್ಸ್ಟ್ ಫೈಲ್‌ಗೆ ಅದು ಅನುಕೂಲವೇ. ಆದರೆ ನನ್ನ ಫೈಲ್‌ನಲ್ಲಿ ಸಾಲುಗಳೇ ಇರಲಿಲ್ಲ. ತಾಪಮಾನದ ಸಂಖ್ಯೆಯೊಳಗೆ ಎಲ್ಲಾದರೂ 10 ಬೆಲೆಯ ಬೈಟ್ ಸಿಕ್ಕರೆ ಅಲ್ಲೂ ಒಂದು 13 ತೂರಿಕೊಂಡಿತ್ತು.

ಫೈಲ್ ಪೂರ್ತಿ ಕೆಟ್ಟಂತೆ ಕಂಡಿದ್ದರೆ ಪುಣ್ಯ. ಮೊದಲ 13 ಸೇರಿದ ಮೇಲೆ ಮುಂದಿನದ್ದೆಲ್ಲ ಒಂದು ಬೈಟ್ ಜರುಗುತ್ತದೆ, ಸಂಖ್ಯೆಗಳು ಅರ್ಥವಿಲ್ಲದವಾಗುತ್ತವೆ. ಆದರೆ ನಾಲ್ಕನೆಯದು ಸೇರಿದ ಕೂಡಲೇ ಜರುಗಿದ್ದು ಸರಿಯಾಗಿ ಒಂದು ಸಂಖ್ಯೆಯಷ್ಟು. ಅಲ್ಲಿಂದ ಮತ್ತೆ 24.5, 25.1 ಅಂತ ಒಳ್ಳೆಯ ತಾಪಮಾನಗಳೇ ಕಾಣುತ್ತವೆ, ಪಕ್ಕದ ಕಾಲಮ್‌ನಲ್ಲಿ. ಫೈಲ್‌ನ ಕೊನೆಗೆ ಬರುವ ಹೊತ್ತಿಗೆ ಜರುಗಿದ್ದು 167 ಕಾಲಮ್. ಹೆಚ್ಚೂಕಡಿಮೆ ಅರ್ಧ ಭೂಮಿ! ತೀರಾ ಅಸಂಬದ್ಧ ಸಂಖ್ಯೆಗಳನ್ನು ನನ್ನ ಪ್ರೋಗ್ರಾಂ "ಮಾಹಿತಿ ಇಲ್ಲ" ಅಂತ ಬದಿಗಿಟ್ಟಿತು, ಉಳಿದವನ್ನು ಸರಾಸರಿಗೆ ಸೇರಿಸಿತು. ಕೊನೆಯಲ್ಲಿ ಮಿಕ್ಕ 671 ಬೈಟ್‌ಗಳನ್ನು ಓದಲೇ ಇಲ್ಲ, ಅದಕ್ಕೆ ಬೇಕಿದ್ದಷ್ಟು ಸಿಕ್ಕಿತ್ತಲ್ಲ. ಇದೇ ಫೈಲ್ `.gz` ಆಗಿದ್ದರೆ ಬಿಚ್ಚುವಾಗಲೇ crc error ಅಂತ ಕೂಗಿಕೊಳ್ಳುತ್ತಿತ್ತು.

ಕ್ಲೈಂಟ್‌ನಲ್ಲಿ ಟ್ರಾನ್ಸ್‌ಫರ್ ಟೈಪ್ "Auto" ಅಂತಿತ್ತು. ಅದು ಎಕ್ಸ್‌ಟೆನ್ಷನ್ ನೋಡಿ ತೀರ್ಮಾನಿಸುತ್ತದೆ. ನನ್ನ ಫೈಲ್‌ಗಳ ಹೆಸರು `temp199807` ಥರದವು, ಚುಕ್ಕೆಯೂ ಇಲ್ಲ, ಎಕ್ಸ್‌ಟೆನ್ಷನ್ನೂ ಇಲ್ಲ. ಅಂಥದ್ದನ್ನು ಟೆಕ್ಸ್ಟ್ ಅಂತ ಹಿಡಿಯುವುದು ಅದರ ಡಿಫಾಲ್ಟ್. ಹಳೇ ವೈಜ್ಞಾನಿಕ ಡೇಟಾದಲ್ಲಿ ಇಂಥ ಹೆಸರುಗಳು ಬೇಕಾದಷ್ಟು. ವಿಂಡೋಸ್‌ನ `ftp` ಕಮಾಂಡ್ ಕೂಡ ಆಸ್ಕಿಯಲ್ಲೇ ಶುರುವಾಗುತ್ತದೆ. 1985ರ ಆರ್‌ಎಫ್‌ಸಿ 959 ಹೇಳುವ ಡಿಫಾಲ್ಟೇ ಅದು.

ಸುಳಿವು ಲಾಗ್‌ನಲ್ಲೇ ಇತ್ತು:

```
150 Opening ASCII mode data connection for temp199807 (259200 bytes).
```

ಆ ASCII ಅನ್ನೋ ಪದ ಕಂಡರೆ ಅಲ್ಲೇ ನಿಲ್ಲಿಸಿ. ಬ್ರಾಕೆಟ್‌ನಲ್ಲಿರುವ ಸೈಜ್ ಸರ್ವರ್‌ನಲ್ಲಿರುವ ಫೈಲ್‌ನದು. ನಿಮ್ಮ ಹತ್ತಿರ ಬಂದಿದ್ದು ಅದಕ್ಕೆ ಒಂದು ಬೈಟ್ ವ್ಯತ್ಯಾಸವೂ ಇಲ್ಲದೆ ಹೊಂದಬೇಕು. ಫೈಲ್ ಮ್ಯಾನೇಜರ್‌ನಲ್ಲಿ ಎರಡೂ 254 ಕೆಬಿ ಥರ ಒಂದೇ ಸುಮಾರಿಗೆ ಕಾಣಬಹುದು, ಆದ್ದರಿಂದ ಪ್ರಾಪರ್ಟೀಸ್ ತೆಗೆದು ಬೈಟ್ ಲೆಕ್ಕವನ್ನೇ ನೋಡಿ. ಕ್ಲೈಂಟ್‌ನಲ್ಲಿ, ಬೈಟ್‌ಗಳನ್ನು ಮುಟ್ಟದೆ ಇದ್ದ ಹಾಗೇ ತರುವ "Binary" ಮೋಡನ್ನೇ ಕಡ್ಡಾಯ ಮಾಡಿ. ಕಮಾಂಡ್ ಲೈನ್ ಆದರೆ `get` ಕೊಡುವ ಮೊದಲು ಹೀಗೆ:

```
ftp> binary
200 Type set to I.
```

`curl` ಆದರೆ ಈ ತಲೆನೋವೇ ಇಲ್ಲ, ಅದು ಸುಮ್ನೆ ಬೈನರಿಯಲ್ಲೇ ಇಳಿಸುತ್ತದೆ. README ಥರದ ಟೆಕ್ಸ್ಟ್ ಫೈಲ್‌ಗಳನ್ನೂ ನಾನೀಗ ಬೈನರಿಯಲ್ಲೇ ತರುತ್ತೇನೆ, ಇವತ್ತಿನ ಎಡಿಟರ್‌ಗಳು ಎರಡೂ ಥರದ ಸಾಲಿನ ಕೊನೆಯನ್ನು ಅರ್ಥ ಮಾಡಿಕೊಳ್ಳುತ್ತವೆ. ಅಕ್ಷರಗಳಿಗೆ ಆಸ್ಕಿ ಬದಲು ಎಬ್ಸಿಡಿಕ್ ಅನ್ನೋ ಬೇರೆಯೇ ಸಂಕೇತ ಬಳಸುವ ಹಳೇ ಐಬಿಎಂ ಮೇನ್‌ಫ್ರೇಮ್ ಮಾತ್ರ ಬೇರೆ. ಅಲ್ಲಿಂದ ಟೆಕ್ಸ್ಟ್ ತರಲು ಆಸ್ಕಿ ಮೋಡ್ ಬೇಕೇ ಬೇಕು, ಇಲ್ಲದಿದ್ದರೆ ಅಕ್ಷರಗಳೇ ಓದಲು ಬರಲ್ಲ.

ಈಗಾಗಲೇ ಕೆಟ್ಟ ಫೈಲ್ ಇದ್ದರೆ, 13-10 ಜೋಡಿಗಳನ್ನೆಲ್ಲ 10 ಮಾಡಿ ಸರಿಪಡಿಸಬಹುದು ಅನ್ನಿಸುತ್ತದೆ. ಕೆಲವೊಮ್ಮೆ ಆಗುತ್ತದೆ ಕೂಡ. ಆದರೆ ಮೊದಲೇ 13-10 ಇದ್ದ ಕಡೆ ಕೆಲವು ಸರ್ವರ್‌ಗಳು ಇನ್ನೊಂದು 13 ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಸೇರಿಸದೇ ಇದ್ದಲ್ಲಿ ನೀವು ಅಸಲಿ ಬೈಟನ್ನೇ ತೆಗೆದುಹಾಕುತ್ತೀರಿ. ಸರ್ವರ್ ಇನ್ನೂ ಬದುಕಿದ್ದರೆ ಮತ್ತೆ ಇಳಿಸಿಕೊಳ್ಳಿ.