ನೋಯದ ಬಿಳಿಚು ಮಚ್ಚೆಗೆ ಮುಲಾಮು ಹಚ್ಚಿಕೊಂಡು ಕಾಲ ಕಳೆಯಬೇಡಿ

ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ ಮಾಡುವ ಹೆಣ್ಣುಮಗಳ ಕತೆ ಇದು. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇವೆ. ಬಲ ಮೊಣಕೈಯ ಕೆಳಗೆ, ಮುಂಗೈಯ ಹೊರಬದಿಗೆ ಆಕೆಗೆ ಒಂದು ಮಚ್ಚೆ ಎದ್ದಿತ್ತು. ಹಾಲಿನಂಥ ಬಿಳುಪಲ್ಲ, ಸುತ್ತಲ ಚರ್ಮಕ್ಕಿಂತ ಒಂದೆರಡು ಛಾಯೆ ಪೇಲವ, ಅಂಚಿನಲ್ಲಿ ತುಸು ತಾಮ್ರದ ಬಣ್ಣ. ತುರಿಕೆ ಇಲ್ಲ, ಉರಿ ಇಲ್ಲ, ನೋವಿಲ್ಲ. ಬೇಸಿಗೆಯಲ್ಲಿ ಮೈಯೆಲ್ಲ ಬೆವರಿದರೂ ಅಷ್ಟು ಜಾಗ ಮಾತ್ರ ಒಣಗಿ, ಧೂಳು ಹಿಡಿದಂತೆ ಕಾಣುತ್ತಿತ್ತು. ಅಲ್ಲಿನ ರೋಮವೂ ಉದುರಿತ್ತು. ಈ ಎರಡು ಗುರುತು ಕಂಡ ಕೂಡಲೇ ಯಾರಾದರೂ ಅಲ್ಲಿ ಸ್ಪರ್ಶ ಇದೆಯೋ ಇಲ್ಲವೋ ನೋಡಬೇಕಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರೂ ನೋಡಲಿಲ್ಲ.

ಮೊದಲು ಮನೆಯವರು ಚಿಬ್ಬು ಎಂದರು. ಮೆಡಿಕಲ್ ಶಾಪಿನಿಂದ ಚಿಬ್ಬಿನ ಮುಲಾಮು ಬಂತು. ಗುಣ ಕಾಣದಿದ್ದಾಗ ಅದೇ ಕೌಂಟರಿನಲ್ಲಿ ಇನ್ನೊಂದು ಟ್ಯೂಬ್ ಕೊಟ್ಟರು. ಫಂಗಸ್ ಔಷಧಿ, ಆಂಟಿಬಯಾಟಿಕ್, ಸ್ಟೆರಾಯ್ಡ್ ಮೂರನ್ನೂ ಬೆರೆಸಿದ ಇಂಥ ಟ್ಯೂಬ್‌ಗಳು ಚೀಟಿ ಇಲ್ಲದೆಯೇ ಸಿಗುತ್ತವೆ. ಅದರಲ್ಲಿನ ಸ್ಟೆರಾಯ್ಡ್‌ನಿಂದ ಅಂಚಿನ ಕೆಂಪು ಇಳಿಯಿತು, ಮಚ್ಚೆ ಮಾಸಿದಂತೆ ಕಂಡಿತು, ಎಲ್ಲರೂ ವಾಸಿಯಾಗುತ್ತಿದೆ ಅಂದುಕೊಂಡರು. ಹೆಚ್ಚು ಕೆಟ್ಟದ್ದಾದದ್ದು ಇಲ್ಲಿಯೇ. ಮುಲಾಮಿನ ಸ್ಟೆರಾಯ್ಡ್ ಚರ್ಮದ ಮೇಲಿನ ಊತವನ್ನು ಅಡಗಿಸುತ್ತದೆಯೇ ಹೊರತು ರೋಗಾಣುವನ್ನು ಕೊಲ್ಲುವುದಿಲ್ಲ, ಕೆಳಗಿನ ನರಕ್ಕೆ ಅದರಿಂದ ಉಪಯೋಗವೂ ಇಲ್ಲ.

ಆಮೇಲೆ ಕಿರುಬೆರಳು, ಉಂಗುರ ಬೆರಳು ಜುಮ್ಮೆನ್ನತೊಡಗಿದವು. ಒಂದು ಕ್ಲಿನಿಕ್ಕಿನಲ್ಲಿ ನರದ ವೀಕ್‌ನೆಸ್ ಎಂದು ವಿಟಮಿನ್ ಇಂಜೆಕ್ಷನ್ ಕೊಟ್ಟರು. ಮುಂಗೈ ಮೇಲಿನ ಮಚ್ಚೆಗೂ ಬೆರಳಿನ ಜೋಮಿಗೂ ನಂಟಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ತೋಳಿನ ಮಚ್ಚೆಯನ್ನು ಒಬ್ಬರಿಗೆ, ಬೆರಳನ್ನು ಇನ್ನೊಬ್ಬರಿಗೆ ತೋರಿಸಿದ್ದರಿಂದ ಎರಡನ್ನೂ ಒಟ್ಟಿಗೆ ನೋಡಿದವರೇ ಇರಲಿಲ್ಲ. ಬೆರಳೆರಡೂ ನಿಧಾನವಾಗಿ ಒಳಕ್ಕೆ ಬಾಗತೊಡಗಿದವು. ಗೂಡು ಬೇಯಿಸಿದ ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುವ ಕೆಲಸ ಆಕೆಯದು. ಒಂದು ಸಂಜೆ ಕಿರುಬೆರಳಿನ ಪಕ್ಕಕ್ಕೆ ದೊಡ್ಡ ಬೊಬ್ಬೆ ಎದ್ದಿರುವುದು ಕಣ್ಣಿಗೆ ಬಿದ್ದ ಮೇಲೆಯೇ ಕೈ ಸುಟ್ಟಿದೆ ಎಂದು ಗೊತ್ತಾದದ್ದು. ಡ್ರೆಸ್ಸಿಂಗಿಗೆ ಹೋದ ಕಡೆ ವೈದ್ಯರು "ಇಷ್ಟು ಸುಟ್ಟಿದೆ, ನೋವಾಗಲಿಲ್ಲವೇನಮ್ಮಾ?" ಎಂದು ಕೇಳಿ, ಮೊಣಕೈ ಹಿಂದೆ ಬೆರಳಾಡಿಸಿದರು. ನರ ಹುರಿಯ ಹಾಗೆ ದಪ್ಪಗಿತ್ತು, ಒತ್ತಿದರೆ ನೋಯುತ್ತಿತ್ತು. ಬೆಳಕಿನಲ್ಲಿ ಮೈಯೆಲ್ಲ ನೋಡಿದಾಗ ಬೆನ್ನಿನಲ್ಲಿ, ಸೊಂಟದ ಕೆಳಗೆ ಇನ್ನೂ ಆರು ಮಚ್ಚೆ ಸಿಕ್ಕವು. ಅವು ಇದ್ದದ್ದು ಆಕೆಗೇ ತಿಳಿದಿರಲಿಲ್ಲ.

ಇದು ಕುಷ್ಠರೋಗ. ಹೆಸರು ಕೇಳಿ ಓದುವುದನ್ನು ನಿಲ್ಲಿಸಬೇಡಿ, ಮುಂದಿನದೇ ಕೆಲಸಕ್ಕೆ ಬರುವ ಮಾತು.

ಇದರ ರೋಗಾಣು ಬಹಳ ನಿಧಾನಿ. ಒಂದು ಎರಡಾಗಲು ಹತ್ತಿರಹತ್ತಿರ ಎರಡು ವಾರ ಬೇಕು. ಸೋಂಕು ತಗುಲಿ ಮಚ್ಚೆ ಕಾಣಿಸುವುದಕ್ಕೆ ಸಾಮಾನ್ಯವಾಗಿ ಕೆಲವು ವರ್ಷ ಹಿಡಿಯುತ್ತದೆ. ಮೈಯಲ್ಲಿ ತಂಪಾಗಿರುವ ಜಾಗ ಅದಕ್ಕೆ ಪ್ರಿಯ, ಎಂದರೆ ಚರ್ಮ ಮತ್ತು ಚರ್ಮಕ್ಕೆ ಹತ್ತಿರ ಹಾಯುವ ನರಗಳು. ಮೊಣಕೈಯ ಒಳಬದಿಯ ಮೂಳೆಗೆ ಏಟು ಬಿದ್ದರೆ ಕಿರುಬೆರಳಿನವರೆಗೆ ಝಲ್ಲೆನ್ನುತ್ತದಲ್ಲ, ಆ ನರ ಅಂಥದ್ದು. ರೋಗಾಣುವಿನ ಮೇಲೆ ದೇಹ ಕಾದಾಡಲು ಹೊರಟಾಗ ನರ ಊದಿಕೊಳ್ಳುತ್ತದೆ. ಮೊಣಕೈಯ ಇಕ್ಕಟ್ಟಿನಲ್ಲಿ ಊದಲು ಜಾಗವಿಲ್ಲದೆ ಒಳಗೇ ಹಿಸುಕಿಕೊಳ್ಳುತ್ತದೆ. ಮಚ್ಚೆಯಲ್ಲಿ ಮೊದಲು ಹೋಗುವುದು ಬಿಸಿ-ತಣ್ಣಗಿನ ಅರಿವು, ಆಮೇಲೆ ನವುರು ಸ್ಪರ್ಶ, ಕೊನೆಗೆ ನೋವು. ನೋವಿಲ್ಲದಿರುವುದೇ ಇಲ್ಲಿ ರೋಗದ ಗುರುತು. ಆದರೆ ಜನ ಆಸ್ಪತ್ರೆಗೆ ಹೊರಡುವುದು ನೋವಾದಾಗ ಮಾತ್ರ.

ಮನೆಯಲ್ಲೇ ನೋಡಿಕೊಳ್ಳುವ ಬಗೆ ಸುಲಭ, ಆದರೆ ಅರ್ಧಂಬರ್ಧ ಮಾಡಿದರೆ ತಪ್ಪು ಉತ್ತರ ಬರುತ್ತದೆ. ಹಗಲು ಬೆಳಕಿನಲ್ಲಿ ಕೂರಿಸಿ. ಹತ್ತಿಯ ಎಳೆಯನ್ನು ಹೊಸೆದು ತುದಿ ಚೂಪು ಮಾಡಿಕೊಳ್ಳಿ. ಮೊದಲು ಕಣ್ಣು ತೆರೆದಿದ್ದಾಗಲೇ ಚೆನ್ನಾಗಿರುವ ಚರ್ಮಕ್ಕೆ ಮುಟ್ಟಿಸಿ, ಮುಟ್ಟಿದ ಜಾಗಕ್ಕೆ ಬೆರಳಿಡಲು ಹೇಳಿಕೊಡಿ. ಅರ್ಥವಾದ ಮೇಲೆ ಕಣ್ಣು ಮುಚ್ಚಿಸಿ. ಒಮ್ಮೆ ಚೆನ್ನಾಗಿರುವ ಕಡೆ, ಒಮ್ಮೆ ಮಚ್ಚೆಯ ನಡುವೆ, ಒಮ್ಮೆ ಇನ್ನೊಂದು ಕೈಯ ಅದೇ ಜಾಗದಲ್ಲಿ, ಹೀಗೆ ಕ್ರಮ ತಪ್ಪಿಸಿ ಮುಟ್ಟಿಸಿ. ನಡುವೆ ಮುಟ್ಟದೆಯೂ ಸುಮ್ಮನಿರಿ. ಹತ್ತಿಯನ್ನು ಎಳೆಯಬಾರದು, ತಾಗಿಸಿ ತೆಗೆಯಬೇಕಷ್ಟೆ. "ಗೊತ್ತಾಯ್ತಾ?" ಎಂದು ಪ್ರತಿ ಸಲ ಕೇಳಿದರೆ ಮರ್ಯಾದೆಗೆ "ಹ್ಞೂಂ" ಅನ್ನುತ್ತಾರೆ, ಅದಕ್ಕೇ ಬೆರಳಿಟ್ಟು ತೋರಿಸಬೇಕು ಅನ್ನುವುದು. ಚೆನ್ನಾಗಿರುವ ಕಡೆಯೆಲ್ಲ ಸರಿಯಾಗಿ ತೋರಿಸಿ, ಮಚ್ಚೆಯ ನಡುವೆ ಮತ್ತೆ ಮತ್ತೆ ತಪ್ಪಿದರೆ ಅಲ್ಲಿ ಸ್ಪರ್ಶ ಕಡಿಮೆ. ಬೀಡಿ, ಊದುಬತ್ತಿ, ಸೂಜಿಯಲ್ಲಿ ಪರೀಕ್ಷೆ ಮಾಡುವವರಿದ್ದಾರೆ. ದಯವಿಟ್ಟು ಬೇಡ, ಅರಿವಿಲ್ಲದ ಜಾಗದಲ್ಲಿ ಗಾಯ ಮಾಡಿಟ್ಟ ಹಾಗಾಗುತ್ತದೆ.

ಈ ಪರೀಕ್ಷೆಗೂ ಮಿತಿ ಇದೆ. ಮುಖದಲ್ಲಿ ನರಗಳು ದಟ್ಟವಾಗಿರುವುದರಿಂದ ರೋಗವಿದ್ದರೂ ಅಲ್ಲಿನ ಮಚ್ಚೆಯಲ್ಲಿ ಸ್ಪರ್ಶ ಉಳಿದಿರಬಹುದು. ಚಿಕ್ಕ ಮಕ್ಕಳ ಉತ್ತರವನ್ನು ನೆಚ್ಚುವಂತಿಲ್ಲ. ರೋಗ ಮೈತುಂಬ ಹರಡಿದ ಬಗೆಯಲ್ಲಿ ಮಚ್ಚೆಗಳು ಹಲವಿದ್ದು, ಹೊಳಪಾಗಿದ್ದು, ಸ್ಪರ್ಶ ಹೋಗದೆಯೂ ಇರಬಹುದು. ಹಾಗಾಗಿ ಸ್ಪರ್ಶ ಇದೆ ಎಂದಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ, ವಾಸಿಯಾಗದ ಮಚ್ಚೆಯನ್ನು ಹೇಗಿದ್ದರೂ ತೋರಿಸಬೇಕು. ಪೇಲವವಾಗಿರುವ ಅಥವಾ ಕೆಂಪಗಿರುವ ಮಚ್ಚೆಯಲ್ಲಿ ಸ್ಪರ್ಶ ಖಚಿತವಾಗಿ ಹೋಗಿದೆ ಎಂದು ವೈದ್ಯರಿಗೆ ಕಂಡರೆ, ರೋಗ ನಿರ್ಧರಿಸಲು ಅದೊಂದೇ ಸಾಕು. ಚರ್ಮವನ್ನು ತುಸು ಗೀರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ ಎಂದು ಸಮಾಧಾನ ಪಡಬೇಡಿ, ಒಂದೆರಡು ಮಚ್ಚೆ ಇರುವವರಲ್ಲಿ ಅದು ಸಾಮಾನ್ಯವಾಗಿ ಕಾಣುವುದೇ ಇಲ್ಲ. ತೊನ್ನಿನಲ್ಲಿ ಬಿಳುಪು ಸುಣ್ಣದಂತಿರುತ್ತದೆ, ಸ್ಪರ್ಶ ಪೂರ್ತಿ ಇರುತ್ತದೆ. ಚಿಬ್ಬಿನಲ್ಲಿ ಕೆರೆದರೆ ಹೊಟ್ಟು ಉದುರುತ್ತದೆ, ಅಲ್ಲೂ ಸ್ಪರ್ಶ ಹೋಗುವುದಿಲ್ಲ.

ಕೈಯನ್ನೂ ನೋಡಿಬಿಡಿ. ಬೆರಳು ನೇರ ಚಾಚಿಸಿ, ಉಂಗುರ ಬೆರಳು ಮತ್ತು ಕಿರುಬೆರಳಿನ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಹಿಡಿಯಲು ಹೇಳಿ ಮೆಲ್ಲಗೆ ಎಳೆಯಿರಿ. ಎರಡು ಕೈಯಲ್ಲೂ ಮಾಡಿ. ಒಂದು ಕಡೆ ಸಲೀಸಾಗಿ ಜಾರಿ ಬಂದರೆ ಆ ಮೊಣಕೈಯ ನರಕ್ಕೆ ತೊಂದರೆಯಾಗಿರಬಹುದು. ಬೆರಳು ಬಾಗುವುದಕ್ಕೆ ಮುಂಚೆಯೇ ಇದು ತಿಳಿಯುತ್ತದೆ.

ಬೇಗ ತೋರಿಸಿ ಎಂದು ನಾವು ಒತ್ತಿ ಹೇಳುವುದು ಈ ನರಕ್ಕಾಗಿ. ರೋಗಾಣುವನ್ನು ಯಾವ ಹಂತದಲ್ಲಾದರೂ ಕೊಲ್ಲಬಹುದು. ನರಕ್ಕೆ ಮಾತ್ರ ಗಡುವಿದೆ. ಸ್ಪರ್ಶವಾಗಲಿ ಬಲವಾಗಲಿ ಕುಂದಿ ಆರು ತಿಂಗಳ ಒಳಗಿದ್ದರೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆಯಿಂದ ಮರಳುವ ಅವಕಾಶ ಚೆನ್ನಾಗಿದೆ. ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 40 ಮಿ.ಗ್ರಾಂನಿಂದ ಶುರುಮಾಡಿ ವಾರಗಟ್ಟಲೆ ಇಳಿಸುತ್ತಾ ಬರುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ, ಕ್ಷಯ ಇದೆಯೇ ಎಂದು ನೋಡದೆ ಕೊಡುವ ಔಷಧಿ ಅಲ್ಲ, ಸ್ವಂತ ನಿರ್ಧಾರದಿಂದ ನಿಲ್ಲಿಸುವುದೂ ಅಪಾಯ. ಆಕೆಯ ಬೆರಳಿಗೆ ಜೋಮು ಹಿಡಿದು ಆಗಲೇ ವರ್ಷ ದಾಟಿತ್ತು. ಮಾತ್ರೆಯಿಂದ ಮೊಣಕೈ ನೋವು ಇಳಿಯಿತು, ಬೆರಳು ನೆಟ್ಟಗಾಗಲಿಲ್ಲ. ಸ್ನಾಯುಗಳನ್ನು ಜೋಡಿಸುವ ಶಸ್ತ್ರಚಿಕಿತ್ಸೆಯಿಂದ ಬೆರಳನ್ನು ತಕ್ಕಮಟ್ಟಿಗೆ ನೇರ ಮಾಡಬಹುದು, ಕಳೆದುಹೋದ ಸ್ಪರ್ಶವನ್ನು ಅದು ತಂದುಕೊಡುವುದಿಲ್ಲ. ಬಿಸಿನೀರಿನ ಕೆಲಸ ಬಿಟ್ಟು ಆಕೆ ಈಗ ಗೂಡು ಆರಿಸುವ ಕೆಲಸಕ್ಕೆ ಬಂದಿದ್ದಾರೆ, ಕೂಲಿ ಕಡಿಮೆ.

ರೋಗದ ಔಷಧಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ. ತಿಂಗಳಿಗೊಂದು ಮಾತ್ರೆ ಪಟ್ಟಿ, ಅದರಲ್ಲಿ ರಿಫಾಂಪಿಸಿನ್, ಕ್ಲೋಫಾಜಿಮಿನ್, ಡ್ಯಾಪ್ಸೋನ್ ಎಂಬ ಮೂರು ಔಷಧಿ. ಮಚ್ಚೆ ಐದರವರೆಗಿದ್ದರೆ ಸಾಮಾನ್ಯವಾಗಿ ಆರು ತಿಂಗಳು, ಆರು ಅಥವಾ ಹೆಚ್ಚಿದ್ದರೆ ಹನ್ನೆರಡು ತಿಂಗಳು. ಆಕೆಗೆ ಏಳು ಇದ್ದದ್ದರಿಂದ ಹನ್ನೆರಡು. ತಿಂಗಳ ಮೊದಲ ದಿನದ ರಿಫಾಂಪಿಸಿನ್ ನುಂಗಿದ ಮೇಲೆ ಮೂತ್ರ ಕೆಂಪಗಾಗುತ್ತದೆ, ಹೆದರಬೇಕಿಲ್ಲ. ಕ್ಲೋಫಾಜಿಮಿನ್‌ನಿಂದ ಚರ್ಮ ಕಪ್ಪಾಗುತ್ತದೆ, ಔಷಧಿ ಮುಗಿದ ಮೇಲೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಮೈಮೇಲೆ ದದ್ದು, ಜ್ವರ, ಕಣ್ಣು ಹಳದಿ ಕಂಡರೆ ಮಾತ್ರ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಬನ್ನಿ, ಅದು ಡ್ಯಾಪ್ಸೋನ್ ಒಗ್ಗದ ಲಕ್ಷಣ ಇರಬಹುದು. ಔಷಧಿ ನಡೆಯುತ್ತಿರುವಾಗ ಅಥವಾ ಮುಗಿದ ಮೇಲೂ ಮಚ್ಚೆ ಏಕಾಏಕಿ ಕೆಂಪಾಗಿ ಊದಿಕೊಂಡರೆ, ಮೊಣಕೈ ನೋಯತೊಡಗಿದರೆ ಔಷಧಿ ಕೆಲಸ ಮಾಡಲಿಲ್ಲ ಎಂದು ಬಿಡಬೇಡಿ. ದೇಹದ ಪ್ರತಿಕ್ರಿಯೆ ಅದು, ನರ ಕೆಡುವುದು ಬಹಳ ಸಲ ಆಗಲೇ. ಕೆಲವರಲ್ಲಿ ನೋವಿಲ್ಲದೆಯೇ ಬಲ ಕುಂದುತ್ತದೆ, ಆದ್ದರಿಂದ ಕಾರ್ಡಿನ ಪರೀಕ್ಷೆ ತಿಂಗಳಿಗೊಮ್ಮೆ ನಡೆಯುತ್ತಿರಲಿ.

ಆಸ್ಪತ್ರೆಯ ಒಪಿಡಿಯಲ್ಲಿ "ಮಚ್ಚೆ ಎದ್ದಿದೆ" ಎಂದಷ್ಟೇ ಹೇಳಿದರೆ ಮತ್ತೆ ಮುಲಾಮಿನ ಚೀಟಿ ಸಿಗುವುದೇ ಹೆಚ್ಚು. "ಇಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ, ನರ ಪರೀಕ್ಷೆ ಮಾಡಿ" ಎಂದು ಹೇಳಿ. ಬೆನ್ನು, ಸೊಂಟದ ಕೆಳಭಾಗ ನೋಡಿಸಿಕೊಳ್ಳಲು ಸಂಕೋಚವಾದರೆ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಅನುಮಾನ ಉಳಿದರೆ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗ ಅಥವಾ ಜಿಲ್ಲಾ ಕುಷ್ಠರೋಗ ನಿವಾರಣಾಧಿಕಾರಿಗಳ ಕಚೇರಿಗೆ ಕಳಿಸಲು ಕೇಳಿ. ಸಂಸಾರ ಒಡೆಯುತ್ತದೆಂಬ ಹೆದರಿಕೆಯಿಂದ ಮುಚ್ಚಿಡುವವರೇ ಹೆಚ್ಚು. ಈ ಕಾಯಿಲೆಯನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ಕಾನೂನನ್ನು 2019ರಲ್ಲೇ ತೆಗೆದುಹಾಕಲಾಗಿದೆ. ಔಷಧಿ ಶುರುವಾದ ಕೆಲವೇ ದಿನಗಳಲ್ಲಿ ಅಂಟಿಸುವ ಶಕ್ತಿಯೂ ಹೋಗುತ್ತದೆ, ಬೇರೆ ತಟ್ಟೆ ಬೇರೆ ಹಾಸಿಗೆ ಯಾವುದೂ ಬೇಕಿಲ್ಲ.

ಆಕೆಯ ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಮಕ್ಕಳನ್ನೂ ನೋಡಲಾಯಿತು. ಚಿಕ್ಕವನ ಕೆನ್ನೆಯಲ್ಲಿ ಬಿಳಿಚು ಮಚ್ಚೆ ಇತ್ತು. ಮುಖವಾದ್ದರಿಂದ ಸ್ಪರ್ಶವನ್ನೊಂದೇ ನಂಬದೆ ಕೆಲವು ವಾರ ಬಿಟ್ಟು ಮತ್ತೆ ನೋಡಿದರು. ಅಷ್ಟರಲ್ಲಿ ಮಾಸಿಹೋಗಿತ್ತು, ಮಕ್ಕಳ ಕೆನ್ನೆಗೆ ಬರುವ ಸಾಮಾನ್ಯ ಬಿಳಿ ತೇಪೆ ಅದು. ಕ್ಷಯದ ಲಕ್ಷಣ ಇಲ್ಲವೆಂದು ಖಚಿತಪಡಿಸಿಕೊಂಡು ಮನೆಯವರಿಗೆಲ್ಲ ರಿಫಾಂಪಿಸಿನ್‌ನ ಒಂದೇ ಒಂದು ಡೋಸ್ ಕೊಟ್ಟರು. ಅದು ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಡೋಸ್ ತೆಗೆದುಕೊಂಡವರೂ ವರ್ಷಕ್ಕೊಮ್ಮೆ ಬೆನ್ನಿನವರೆಗೂ ಮೈ ತೋರಿಸಿಕೊಳ್ಳಬೇಕು.