ಒಂದೇ ಲೇಖನ, ಮೂರು ಅನುವಾದ: ಉಲ್ಲೇಖಗಳನ್ನು ಕನ್ನಡಕ್ಕೆ ತಂದ ಅನುಭವ

ಕೃಷ್ಣದೇವರಾಯನ ಕಾಲದ ಕೆರೆ ಕಾಲುವೆಗಳ ಬಗ್ಗೆ ಇಂಗ್ಲಿಷ್ ಇತಿಹಾಸ ಪತ್ರಿಕೆಯೊಂದರಲ್ಲಿ ಬಂದ ಲೇಖನವನ್ನು ಕನ್ನಡಕ್ಕೆ ತರುವ ಕೆಲಸ ಕಳೆದ ವರ್ಷ ನನಗೆ ಬಂತು. ಮೂವತ್ತು ಪುಟದ ಲೇಖನ, ಎಪ್ಪತ್ತಕ್ಕೂ ಹೆಚ್ಚು ಅಡಿಟಿಪ್ಪಣಿಗಳು. ಲೇಖಕರ ಮಾತು ಇಂಗ್ಲಿಷಿನಲ್ಲಿದ್ದರೂ ಅವರು ಉದ್ಧರಿಸಿದ ಆಕರಗಳು ಪೋರ್ಚುಗೀಸ್, ಪಾರಸಿ ಮತ್ತು ಕನ್ನಡದವು. ಲೇಖಕರ ಮಾತನ್ನು ಅನುವಾದಿಸುವುದು ಕಷ್ಟವಾಗಲಿಲ್ಲ. ಉದ್ಧರಣೆಗಳನ್ನು ಮಾತ್ರ ಮೂರು ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡಿದೆ.

ಮೊದಲನೆಯದು ನೇರ ದಾರಿ: ಲೇಖನದಲ್ಲಿರುವ ಇಂಗ್ಲಿಷ್ ಉದ್ಧರಣೆಯನ್ನೇ ಕನ್ನಡ ಮಾಡುವುದು. ಎರಡನೆಯದು ಅದೇ ಇಂಗ್ಲಿಷನ್ನು ನಡುಗನ್ನಡದ ಛಾಯೆಯಲ್ಲಿ ಬರೆಯುವುದು. ಆಕರ ಹಳೆಯದಾದ್ದರಿಂದ ಕನ್ನಡವೂ ಹಳೆಯದಾಗಿ ಕೇಳಿಸಲಿ ಎಂಬ ಆಸೆ. ಮೂರನೆಯದು ಪ್ರತಿ ಉದ್ಧರಣೆಯ ಮೂಲವನ್ನು ಹುಡುಕಿ ಅಲ್ಲಿಂದಲೇ ಕನ್ನಡಕ್ಕೆ ತರುವುದು. ಮೊದಲನೆಯದು ಹನ್ನೊಂದು ದಿನದಲ್ಲಿ ಮುಗಿಯಿತು. ಮೂರನೆಯದಕ್ಕೆ ಐದು ವಾರ ಹಿಡಿಯಿತು.

ಹನ್ನೊಂದು ದಿನದ ಕರಡು ಓದಲು ಚೆನ್ನಾಗಿಯೇ ಇತ್ತು. ಅದರ ತಪ್ಪು ತಿಳಿದದ್ದು ಒಂದು ಗಿಡುಗದಿಂದ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಯನು ಎರಡು ಗುಡ್ಡಗಳ ನಡುವೆ ಕಟ್ಟಿಸುತ್ತಿದ್ದ ಕೆರೆಯನ್ನು ವರ್ಣಿಸಿದ್ದಾನೆ. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಆ ಕೆರೆಯ ಅಗಲ ‘ಫಾಲ್ಕನ್ ಶಾಟ್’ನಷ್ಟು. ನಾನು ಫಾಲ್ಕನ್ ಎಂದರೆ ಗಿಡುಗ ಎಂದುಕೊಂಡು, ‘ಗಿಡುಗವೊಂದು ಒಂದೇ ಹಾರಿಗೆ ದಾಟುವಷ್ಟು ಅಗಲ’ ಎಂದು ಬರೆದಿದ್ದೆ. ವಾಕ್ಯ ಸೊಗಸಾಗಿತ್ತು, ಆದ್ದರಿಂದಲೇ ಅನುಮಾನ ಬರಲಿಲ್ಲ. ಆ ಕಾಲದಲ್ಲಿ ಫಾಲ್ಕನ್ ಎಂಬ ಹೆಸರಿನ ಹಗುರ ಫಿರಂಗಿಯೂ ಇತ್ತು. ಬಿಲ್ಲು, ಫಿರಂಗಿಗಳ ಏಟು ಎಷ್ಟು ದೂರ ಹೋಗುತ್ತದೆ ಎಂಬುದರ ಮೇಲೆ ದೂರ ಹೇಳುವುದು ಆಗ ಯುರೋಪಿನ ರೂಢಿ. ಪಾಯೆಸ್ ಹೇಳುತ್ತಿದ್ದುದು ಫಿರಂಗಿಯ ಗುಂಡು ತಲುಪುವ ದೂರವನ್ನು. ಕೆರೆಯ ಗಾತ್ರವನ್ನೇ ಚರ್ಚಿಸುವ ಲೇಖನದಲ್ಲಿ ಅಳತೆಯೊಂದು ಹಕ್ಕಿಯಾಗಿ ಹಾರಿಹೋಗಿತ್ತು. ಲೇಖಕರಿಗೆ ಗೊತ್ತಿದ್ದ ಅರ್ಥ ಇಂಗ್ಲಿಷ್ ಪದದೊಳಗೆ ಅಡಗಿತ್ತು. ನಾನು ಅದನ್ನು ದಾಟಿಸುವಾಗ ಕಳೆದೆ.

ಎರಡನೆಯ ಕರಡಿನ ಮೇಲೆ ನನಗೆ ಬಹಳ ಪ್ರೀತಿಯಿತ್ತು. ‘ಆ ರಾಯನು ಮಾಡಿಸಿದಂಥಾ ಕೆರೆಯು’ ಎಂಬ ಧಾಟಿಯಲ್ಲಿ ಬರೆಯುತ್ತ ಹೋಗಿದ್ದೆ. ಅದನ್ನು ಕೈಬಿಡಲು ಎರಡು ಕಾರಣಗಳು. ಪಾಯೆಸನ ಕಾಗುಣಿತ ಇಂದಿನ ಪೋರ್ಚುಗೀಸ್ ಓದುಗರಿಗೆ ವಿಚಿತ್ರವಾಗಿ ಕಾಣುತ್ತದೆ. ‘ನ್’ ಬರಬೇಕಾದ ಕಡೆ ‘ಮ್’ ಇರುತ್ತದೆ, ‘ಇ’ ಇರಬೇಕಾದಲ್ಲಿ ‘ವೈ’ ಅಕ್ಷರ ಬರುತ್ತದೆ. ಆದರೆ ಬರೆದವನಿಗೆ ಅದು ದಿನನಿತ್ಯದ ಬರವಣಿಗೆ. ಅವನು ಕಂಡದ್ದನ್ನು ಬೆರಗಿನಿಂದ, ಸರಸರನೆ ಹೇಳುವವನು. ನನ್ನ ನಡುಗನ್ನಡ ಅವನ ಬಾಯಿಗೆ ಇಲ್ಲದ ಗಾಂಭೀರ್ಯ ತುಂಬಿತು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಎರಡು ಪುಟ ದಾಟಿದರೆ ಅದೇ ಕಾಲದ ನಿಜವಾದ ಕನ್ನಡ ಶಾಸನ ಬರುತ್ತದೆ. ನಾನು ಕಟ್ಟಿದ ಹಳೆಯ ಕನ್ನಡವೂ ಕಲ್ಲಿನ ಮೇಲಿನ ಹಳೆಯ ಕನ್ನಡವೂ ಅಕ್ಕಪಕ್ಕದಲ್ಲಿ ನಿಂತರೆ ಯಾವುದು ಆಕರ, ಯಾವುದು ಅನುವಾದ ಎಂದು ಓದುಗರು ಹೇಗೆ ಬೇರ್ಪಡಿಸಬೇಕು? ಇತಿಹಾಸದ ಲೇಖನದಲ್ಲಿ ಅದು ಹುಸಿ ದಾಖಲೆಯನ್ನು ಸೃಷ್ಟಿಸಿದಂತೆ.

ಹಾಗಾಗಿ ಮೂರನೆಯ ದಾರಿ. ಪಾಯೆಸ್ ಮತ್ತು ಅವನ ನಂತರ ವಿಜಯನಗರಕ್ಕೆ ಬಂದ ಇನ್ನೊಬ್ಬ ಪೋರ್ಚುಗೀಸ ನ್ಯೂನಿಜ್, ಇವರಿಬ್ಬರ ಪೋರ್ಚುಗೀಸ್ ಪಠ್ಯವನ್ನು ದಾವಿದ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಮಾಡಿಸಿದ್ದರು. ನನ್ನ ಪೋರ್ಚುಗೀಸ್ ನಿಘಂಟು ಹಿಡಿದು ನಡೆಯುವಷ್ಟು ಮಾತ್ರ. ಆದ್ದರಿಂದ ಸಿವೆಲರ ಇಂಗ್ಲಿಷನ್ನು ಎಡಕ್ಕೂ ಲೋಪೆಸರ ಪಠ್ಯವನ್ನು ಬಲಕ್ಕೂ ಇಟ್ಟುಕೊಂಡು, ಅಳತೆ, ನಾಣ್ಯ, ಪದವಿ, ಊರಿನ ಹೆಸರು ಈ ನಾಲ್ಕನ್ನು ಮಾತ್ರ ಒಂದೊಂದಾಗಿ ಮೂಲದಲ್ಲಿ ನೋಡಿದೆ. ವಾಕ್ಯಗಳನ್ನು ಇಂದಿನ ಸರಳ ಕನ್ನಡದಲ್ಲೇ ಬರೆದೆ. ಹೆಸರುಗಳನ್ನು ಮಾತ್ರ ತಿದ್ದಲಿಲ್ಲ. ‘ಬಿಸ್ನಗ [ವಿಜಯನಗರ]’, ‘ಕ್ರಿಸ್ನರಾವ್ [ಕೃಷ್ಣರಾಯ]’ ಎಂದು ಮೊದಲ ಸಲ ಕೊಟ್ಟು, ಮುಂದೆ ಉದ್ಧರಣೆಯೊಳಗೆ ಬಿಸ್ನಗವನ್ನೇ ಉಳಿಸಿಕೊಂಡೆ. ವಿದೇಶಿಯ ಕಿವಿಗೆ ನಮ್ಮ ಹೆಸರು ಹೇಗೆ ಬಿತ್ತು ಎಂಬುದೂ ಒಂದು ಸಾಕ್ಷ್ಯ.

ಕನ್ನಡ ಶಾಸನಗಳ ವಿಷಯದಲ್ಲಿ ಮೊದಲ ಕರಡು ಇನ್ನೂ ನಾಚಿಕೆ ತರಿಸುವಂತಿತ್ತು. ಲೇಖಕರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳ ಇಂಗ್ಲಿಷ್ ಅನುವಾದವನ್ನು ಬಳಸಿದ್ದರು. ಕನ್ನಡದ ಕಲ್ಲು ಇಂಗ್ಲಿಷಿಗೆ ಹೋಗಿ ನನ್ನ ಕೈಯಲ್ಲಿ ಮತ್ತೆ ಕನ್ನಡಕ್ಕೆ ಬಂದಾಗ ‘ಗದ್ದೆ ಬೆದ್ದಲು’ ಎಂಬ ಮಾತು ‘ನೀರಾವರಿ ಭೂಮಿ ಮತ್ತು ಒಣಭೂಮಿ’ ಆಗಿತ್ತು. ‘ಅಷ್ಟಭೋಗ ತೇಜಸ್ವಾಮ್ಯ’ವು ‘ಒಡೆತನದ ಎಂಟು ಹಕ್ಕುಗಳು’ ಆಗಿತ್ತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಆ ಎಂಟರಲ್ಲಿ ಜಲವೂ ಒಂದು. ಕೆರೆಯ ಲೇಖನದಲ್ಲಿ ಅದೇ ಮಾಯವಾಗಿತ್ತು. ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪದಲ್ಲಿ ಕವಿಲೆ ‘ಕಂದು ಹಸು’ವಾಗಿ ನಿಂತಿತ್ತು. ಶಾಪ ಹಾಕುವವರು ಯಾರೂ ಹಾಗೆ ಹೇಳುವುದಿಲ್ಲ.

ಇಲ್ಲಿ ಅನುವಾದವೇ ಬೇಡ. ಸಂಪುಟದಿಂದ ಮೂಲ ಸಾಲನ್ನು ಎತ್ತಿ ಇದ್ದ ಕಾಗುಣಿತದಲ್ಲೇ ಹಾಕಿ, ಕೆಳಗೆ ಹೊಸಗನ್ನಡದ ಅರ್ಥ ಕೊಟ್ಟೆ. ‘ಗ್ರಾಮವಂನು’ ಎಂದಿದ್ದರೆ ‘ಗ್ರಾಮವಂನು’, ‘ಸಕವರುಷ’ ಎಂದಿದ್ದರೆ ‘ಸಕವರುಷ’. ಕರಡಚ್ಚು ತಿದ್ದಿದವರು ಇವೆಲ್ಲವನ್ನೂ ಬೆರಳಚ್ಚಿನ ತಪ್ಪೆಂದು ತಿಳಿದು ಸರಿಪಡಿಸಿದ್ದರು. ಎರಡನೆಯ ಬಾರಿ ಶಾಸನದ ಸಾಲುಗಳಿಗೆಲ್ಲ ಬಣ್ಣ ಬಳಿದು ‘ಕೈ ಹಚ್ಚಬೇಡಿ’ ಎಂದು ಅಂಚಿನಲ್ಲಿ ಬರೆದುಕೊಟ್ಟೆ. ಶಕವರ್ಷವನ್ನೂ ಬದಲಿಸಲಿಲ್ಲ. ಶಕ 1442, ವಿಕ್ರಮ ಸಂವತ್ಸರ ಎಂದಿದ್ದರೆ ಅದಕ್ಕೆ 78 ಕೂಡಿಸಿ ಬಂದ 1520ನ್ನು ಚೌಕ ಆವರಣದಲ್ಲಿ ಇಟ್ಟೆ. ಸಂವತ್ಸರದ ಹೆಸರು ವರ್ಷಕ್ಕೆ ಹೊಂದದಿದ್ದರೆ ಎಲ್ಲೋ ಅಂಕಿ ತಪ್ಪಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಪಾರಸಿಯಲ್ಲಿ ಮೂರನೆಯ ದಾರಿ ನನಗೆ ಮುಚ್ಚಿತ್ತು. ಪಾರಸಿ ಇತಿಹಾಸಕಾರ ಫೆರಿಶ್ತಾನ ಸಾಲುಗಳನ್ನು ಬ್ರಿಗ್ಸ್ 1829ರಲ್ಲಿ ಪ್ರಕಟಿಸಿದ ಇಂಗ್ಲಿಷಿನಿಂದಲೇ ಮಾಡಿದೆ, ‘ಬ್ರಿಗ್ಸರ ಇಂಗ್ಲಿಷ್ ಮೂಲಕ’ ಎಂದು ಪ್ರತಿ ಸಲವೂ ನಮೂದಿಸಿದೆ.

ಅಡಿಟಿಪ್ಪಣಿಗಳಲ್ಲಿ ಎಲ್ಲವನ್ನೂ ಕನ್ನಡ ಮಾಡಿದ್ದು ಕೆಲಸಕ್ಕೆ ಬರಲಿಲ್ಲ. ಲಿಸ್ಬನ್ನಿನ ತೊರ್ರೆ ದೊ ತೊಂಬೊ ದಾಖಲೆಭಂಡಾರದ ಕಟ್ಟಿನ ಸಂಖ್ಯೆಯನ್ನು ಅನುವಾದಿಸಿದರೆ ಅದನ್ನು ಹಿಡಿದು ಯಾರೂ ಅಲ್ಲಿ ಕಾಗದ ಕೇಳಲಾರರು. ಹಾಳೆಯ ಸಂಖ್ಯೆಯ ಪಕ್ಕದಲ್ಲಿರುವ ‘ವಿ’ ಅಕ್ಷರವನ್ನು ನಾನು ಸಂಪುಟವೆಂದು ಓದಿದ್ದೆ, ಅದು ಹಾಳೆಯ ಹಿಂಬದಿ. ಕೊನೆಗೆ ದಾಖಲೆಯ ವಿಳಾಸ ಇದ್ದ ಲಿಪಿಯಲ್ಲೇ ಉಳಿಯಿತು, ಟಿಪ್ಪಣಿಯೊಳಗಿನ ವಾದ ಕನ್ನಡವಾಯಿತು, ಹಿಂದಿನ ಟಿಪ್ಪಣಿಯ ಆಕರವನ್ನೇ ನೋಡಿ ಎಂದು ಸೂಚಿಸುವ ‘ಇಬಿಡ್’ ಎಂಬುದು ‘ಅದೇ’ ಆಯಿತು. ಈ ‘ಅದೇ’ ಬಹಳ ಸೂಕ್ಷ್ಮ. ಎರಡು ಟಿಪ್ಪಣಿಗಳ ನಡುವೆ ಅನುವಾದಕರು ತಮ್ಮದೊಂದನ್ನು ಸೇರಿಸಿದರೆ, ಮುಂದಿನ ‘ಅದೇ’ ಲೇಖಕರ ಆಕರವನ್ನು ಬಿಟ್ಟು ನಮ್ಮ ಟಿಪ್ಪಣಿಯನ್ನು ತೋರಿಸತೊಡಗುತ್ತದೆ. ನನಗೆ ಮೂರು ಕಡೆ ಹೀಗಾಗಿತ್ತು. ಈಗ ನನ್ನ ಟಿಪ್ಪಣಿಗಳಿಗೆ ಸಂಖ್ಯೆ ಕೊಡುವುದಿಲ್ಲ. ನಕ್ಷತ್ರ ಚಿಹ್ನೆ ಹಾಕಿ, ಕೊನೆಯಲ್ಲಿ ‘ಅನು.’ ಎಂದು ಸೇರಿಸುತ್ತೇನೆ.