ಸೀವರ್ ಪೈಪಿಗೆ ಲೈನಿಂಗ್ ಮಾಡಿಸುವ ಮುಂಚೆ ಪೂರ್ತಿ ವಿಡಿಯೋ ನೋಡಿ, ನಾವು ಮೋಸ ಹೋದೆವು

ಕ್ಯಾಲಿಫೋರ್ನಿಯಾದ ಓಕ್ಲಂಡ್, ಬರ್ಕ್ಲಿ ಕಡೆ ಹಳೇ ಮನೆ ತಗೊಂಡಿರುವವರು, ತಗೊಳ್ಳಲು ಹೊರಟಿರುವವರು ದಯವಿಟ್ಟು ಓದಿ. ಮನೆಯಿಂದ ರಸ್ತೆಯ ಸೀವರ್‌ಗೆ ಹೋಗುವ ಪೈಪನ್ನು "ಅಗೆಯದೇ ರಿಪೇರಿ ಮಾಡ್ತೀವಿ" ಅಂತ ಯಾರಾದರೂ ಬಂದರೆ, ಸಹಿ ಹಾಕುವ ಮುಂಚೆ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ತೆಗೆದ ವಿಡಿಯೋ ಪೂರ್ತಿ ಕೇಳಿ ತಗೊಳ್ಳಿ. ಪೂರ್ತಿ. ತುಂಡು ಬೇಡ. ನಮ್ಮ 11,500 ಡಾಲರ್ ಹೋಗಿದ್ದು ಒಂದು ತುಂಡು ವಿಡಿಯೋ ನಂಬಿ.

ನಮ್ಮದು 1948ರ ಮನೆ. ಪೈಪು ನಾಲ್ಕು ಇಂಚಿನ ಹಳೇ ಮಣ್ಣಿನ ಪೈಪು, ಸುಮಾರು 58 ಅಡಿ. ಈ ಭಾಗದಲ್ಲಿ ಮನೆ ಮಾರುವಾಗ ಈ ಪೈಪು ಸೋರುತ್ತಿಲ್ಲ ಅನ್ನುವ ಸರ್ಟಿಫಿಕೇಟ್ ಬೇಕು, ಗೊತ್ತಲ್ವಾ. ನಮ್ಮದು ಸೋರುತ್ತಿತ್ತು. ಕೀಲುಗಳಲ್ಲಿ ಮರದ ಬೇರು ನುಗ್ಗಿತ್ತು, ಎರಡು ಮೂರು ಕಡೆ ಉದ್ದಕ್ಕೆ ಬಿರುಕು. ಅದರ ಜೊತೆಗೆ ಕೆಳಗಿನ ಬಾತ್‌ರೂಮಿನಲ್ಲಿ ಆಗಾಗ ನೀರು ಕಟ್ಟುತ್ತಿತ್ತು. ಇಬ್ಬರ ಹತ್ತಿರ ಕೊಟೇಶನ್ ತಗೊಂಡೆವು. ಒಬ್ಬರು ಅಂಗಳ ಅಗೆದು ಹೊಸ ಪೈಪು ಹಾಕಲು 14,000 ಹೇಳಿದರು. ಇನ್ನೊಬ್ಬರು ಲೈನಿಂಗ್‌ಗೆ 11,500. "ಅಗೆಯೋದೇ ಬೇಡ, ಒಂದೇ ದಿನ, ನಿಮ್ಮ ಡ್ರೈವ್‌ವೇ ಕಾಂಕ್ರೀಟಿಗೆ ಒಂದು ಗೀರೂ ಬೀಳಲ್ಲ" ಅಂದರು. ಯಾರಿಗೆ ಬೇಡ ಹೇಳಿ.

ಲೈನಿಂಗ್ ಕೆಲಸ ಹೀಗೆ ನಡೆಯುತ್ತದೆ. ಮೊದಲು ಬೇರು ಕತ್ತರಿಸಿ ಪೈಪು ತೊಳೆಯುತ್ತಾರೆ. ದಪ್ಪ ಬಟ್ಟೆಯಂಥ ಉದ್ದದ ಕೊಳವೆಯನ್ನು ರೆಸಿನ್‌ನಲ್ಲಿ ನೆನೆಸುತ್ತಾರೆ. ಕಾಲ್ಚೀಲ ಒಳಗು ಹೊರಗು ಮಾಡುವ ಹಾಗೆ ಗಾಳಿ ಒತ್ತಡದಲ್ಲಿ ಅದನ್ನು ಪೈಪಿನೊಳಗೆ ತಿರುಗಿಸಿ ತಳ್ಳುತ್ತಾರೆ. ಅದು ಹಳೇ ಪೈಪಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಆಮೇಲೆ ಬಿಸಿನೀರು ಅಥವಾ ಹಬೆ ಬಿಟ್ಟು ಗಟ್ಟಿ ಮಾಡುತ್ತಾರೆ. ಹಳೇ ಪೈಪಿನೊಳಗೆ ಕೀಲೇ ಇಲ್ಲದ ಹೊಸ ಪೈಪು. ಬಿರುಕು ಮುಚ್ಚುತ್ತದೆ, ಬೇರು ಬರುವುದಿಲ್ಲ, ಸೋರುವುದಿಲ್ಲ. ಇದೆಲ್ಲ ನಿಜ. ಇದರಲ್ಲಿ ಸುಳ್ಳಿಲ್ಲ.

ಆದರೆ ಲೈನರ್‌ಗೆ, ಅಂದರೆ ಆ ಬಟ್ಟೆ ಕೊಳವೆಗೆ, ಹಳೇ ಪೈಪೇ ಅಚ್ಚು. ಹಳೇ ಪೈಪು ನೇರ ಇದ್ದರೆ ಅದೂ ನೇರ. ಹಳೇ ಪೈಪು ನಡುವೆ ಜಗ್ಗಿದ್ದರೆ ಅದೂ ಅಲ್ಲೇ ಜಗ್ಗುತ್ತದೆ. ಕೆಳಗಿನ ಮಣ್ಣು ಕುಸಿದು ಪೈಪು ಹೊಟ್ಟೆ ಬಿಟ್ಟ ಆ ಜಾಗಕ್ಕೆ ಇಲ್ಲಿನ ಪ್ಲಂಬರ್‌ಗಳು ಬೆಲ್ಲಿ ಅಂತಾರೆ. ಸೀವರ್ ಪೈಪು ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಇರಬೇಕು. ಬೆಲ್ಲಿಯಲ್ಲಿ ಆ ಇಳಿಜಾರೇ ಇಲ್ಲ. ನೀರು ನಿಲ್ಲುತ್ತದೆ, ಪೇಪರ್, ಜಿಡ್ಡು, ಎಲ್ಲ ಅಲ್ಲೇ ಕೂರುತ್ತದೆ. ಅದನ್ನು ಸರಿ ಮಾಡಬೇಕಾದರೆ ಅಗೆದು, ಕೆಳಗೆ ಗಟ್ಟಿಯಾಗಿ ಜಲ್ಲಿ ಹಾಸಿ, ಪೈಪನ್ನು ಮತ್ತೆ ಇಳಿಜಾರಿಗೆ ಕೂರಿಸಲೇಬೇಕು. ಒಳಗಿನಿಂದ ಬಟ್ಟೆ ಹಾಕಿ ಆಗುವ ಕೆಲಸವೇ ಅಲ್ಲ ಅದು.

ನಮ್ಮ ಪೈಪಿನಲ್ಲಿ ಬೆಲ್ಲಿ ಇತ್ತು. ಅವರಿಗೆ ಗೊತ್ತಿತ್ತು. ನಮಗೆ ಹೇಳಲಿಲ್ಲ.

ಕೆಲಸ ಆಯಿತು, ಪ್ರೆಶರ್ ಟೆಸ್ಟ್ ಪಾಸ್ ಆಯಿತು, ಸರ್ಟಿಫಿಕೇಟೂ ಬಂತು. ದುಡ್ಡು ಕೊಟ್ಟು ಥ್ಯಾಂಕ್ಸ್ ಹೇಳಿ ಕಳಿಸಿದೆವು. ಮಳೆಗಾಲ ಕಳೆಯುವ ಮುಂಚೆ ಮತ್ತೆ ಅದೇ ಬಾತ್‌ರೂಮಿನಲ್ಲಿ ನೀರು ಮೇಲೆ ಬಂತು. ಊರಿಂದ ಅತ್ತೆ ಮಾವ ಬಂದಿದ್ದರು. ಮನೆ ತುಂಬ ಚರಂಡಿ ವಾಸನೆ. ಹೊಸ ಮನೆ ತೋರಿಸೋಣ ಅಂತ ಕರೆಸಿದವರ ಮುಂದೆ ಎಷ್ಟು ನಾಚಿಕೆ ಆಯಿತು ಅಂದರೆ ಹೇಳೋಕಾಗಲ್ಲ.

ಬೇರೆ ಪ್ಲಂಬರ್ ಒಬ್ಬರನ್ನು ಕರೆಸಿದೆ. ವಯಸ್ಸಾದವರು. ಕ್ಯಾಮೆರಾ ಬಿಟ್ಟರು. ಲೈನರ್ ಚೆನ್ನಾಗೇ ಇತ್ತು, ನುಣುಪಾಗಿ ಹೊಳೆಯುತ್ತಿತ್ತು. ಪರದೆ ಮೇಲೆ ದೂರದ ಲೆಕ್ಕ ಬರುತ್ತದಲ್ಲ, ಅದು 31 ಅಡಿ ತೋರಿಸುತ್ತಿದ್ದ ಹಾಗೆ ಕ್ಯಾಮೆರಾ ನೀರೊಳಗೆ ಮುಳುಗಿತು. 40 ಅಡಿಗೆ ಮೇಲೆ ಬಂತು. ಒಂಬತ್ತು ಅಡಿ ಉದ್ದ ನಿಂತ ನೀರು, ಹೊಸ ಪೈಪಿನಲ್ಲಿ! ಅವರು ಏನೂ ಹೇಳದೆ ನನ್ನ ಮುಖ ನೋಡಿದರು. ಆಮೇಲೆ "ಲೈನಿಂಗ್‌ಗೆ ಮುಂಚಿನ ವಿಡಿಯೋ ಇದೆಯಾ?" ಅಂದರು.

ಇತ್ತು. ಕೊಟೇಶನ್ ಜೊತೆ ಒಂದು ನಿಮಿಷವೂ ಇಲ್ಲದ ತುಂಡು ಕಳಿಸಿದ್ದರು. ಬೇರು, ಬಿರುಕು, ಅಷ್ಟೇ. ಆ ತುಂಡಿನ ಲೆಕ್ಕ 12 ಅಡಿಯಿಂದ ಶುರುವಾಗಿ 28ಕ್ಕೆ ನಿಲ್ಲುತ್ತದೆ. 28ಕ್ಕೆ! ಪೂರ್ತಿ ಫೈಲ್ ಕಳಿಸಿ ಅಂತ ಕಂಪನಿಯ ಆಫೀಸಿಗೆ ಬರೆದೆ. ಅಲ್ಲಿನ ಹುಡುಗಿ, ಪಾಪ ಏನೂ ಗೊತ್ತಿರಲಿಲ್ಲವೋ ಏನೋ, ಕಳಿಸಿಬಿಟ್ಟಳು. ಅದರಲ್ಲೂ 31ರಿಂದ 40, ಕ್ಯಾಮೆರಾ ನೀರೊಳಗೆ. ಕ್ಯಾಮೆರಾ ಹಿಡಿದವನ ದನಿಯೂ ಇದೆ: "ಇಲ್ಲಿ ಬೆಲ್ಲಿ ಇದೆ." ಅವನೇ ಹೇಳಿದ್ದಾನೆ! ಆ ಮಾತು ಕೇಳಿದಾಗ ಕೈಕಾಲು ನಡುಗಿತು ನನಗೆ.

ಫೋನ್ ಮಾಡಿದೆ. ಉತ್ತರಗಳನ್ನು ಕೇಳಿ.

ಮೊದಲು, "ನೀವು ವೈಪ್ಸ್ ಹಾಕಿರಬೇಕು." ನಮ್ಮ ಮನೆಯಲ್ಲಿ ವೈಪ್ಸೇ ಇಲ್ಲ.

ಆಮೇಲೆ, "ಬೇರೆ ಪ್ಲಂಬರ್ ಸ್ನೇಕ್ ಹಾಕಿದರಾ? ಹಾಗಿದ್ರೆ ವಾರಂಟಿ ಇಲ್ಲ." ಸ್ನೇಕ್ ಅಂದರೆ ಕಟ್ಟಿದ ಪೈಪು ಬಿಡಿಸಲು ಒಳಗೆ ಬಿಡುವ ಉದ್ದದ ತಂತಿ. ನೀರು ಉಕ್ಕುವಾಗ ನಾವು ನೋಡುತ್ತಾ ಕೂರಬೇಕಿತ್ತಾ?

ವಿಡಿಯೋ ವಿಷಯ ಎತ್ತಿದ ಮೇಲೆ ಮಾಲೀಕನೇ ಲೈನಿಗೆ ಬಂದ. "ಪೈಪು ಟೆಸ್ಟ್ ಪಾಸ್ ಆಗಿದೆ ಸರ್, ಸರ್ಟಿಫಿಕೇಟ್ ನಿಮ್ಮ ಕೈಯಲ್ಲೇ ಇದೆ." ಆ ಟೆಸ್ಟ್ ನೋಡುವುದು ಪೈಪು ಸೋರುತ್ತದಾ ಅಂತ ಮಾತ್ರ. ಜಗ್ಗಿದ ಪೈಪು ಸೋರದಿದ್ದರೆ ಪಾಸ್ ಆಗುತ್ತದೆ. ಇದು ಅವನಿಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು.

ಕೊನೆಗೆ, "ವಾರಂಟಿ ಲೈನರ್‌ಗೆ. ಲೈನರ್ ಒಡೆದಿಲ್ಲವಲ್ಲ. ಲೈನರ್ ಹಳೇ ಪೈಪಿನ ಆಕಾರವೇ ತಗೊಳ್ಳುತ್ತೆ ಅಂತ ಕಾಂಟ್ರಾಕ್ಟ್‌ನಲ್ಲಿ ಬರೆದಿದೆ." ಹೌದು, ಬರೆದಿದೆ, ಸಣ್ಣ ಅಕ್ಷರದಲ್ಲಿ. ಆಕಾರ ಹೇಗಿದೆ ಅನ್ನುವುದನ್ನೇ ಮುಚ್ಚಿಟ್ಟು ಆ ಸಾಲಿಗೆ ಸಹಿ ಹಾಕಿಸಿಕೊಂಡರೆ ಅದಕ್ಕೆ ಏನನ್ನಬೇಕು?

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ವಯಸ್ಸಾದ ಆ ಪ್ಲಂಬರ್ ಹೇಳಿದರು, ಬೆಲ್ಲಿ ಇರುವುದು ಹುಲ್ಲಿನ ಅಂಗಳದ ಕೆಳಗೆ, ಆಳ ನಾಲ್ಕೇ ಅಡಿ. ಡ್ರೈವ್‌ವೇ ಹತ್ತಿರವೂ ಇಲ್ಲ. ಮೊದಲೇ ಆ ಒಂದು ತುಂಡು ಅಗೆದು ಸರಿ ಮಾಡಿ, ಉಳಿದದ್ದಕ್ಕೆ ಲೈನಿಂಗ್ ಹಾಕಿದ್ದರೆ ಎಲ್ಲ ಮುಗಿಯುತ್ತಿತ್ತು. ಅಗೆಯಬೇಕಾ, ಲೈನಿಂಗಾ ಅನ್ನುವ ಜಗಳವೇ ಇರಲಿಲ್ಲ, ಎರಡೂ ಬೇಕಿತ್ತು. ಈಗ ಲೈನರ್ ಸಮೇತ ಹಳೇ ಪೈಪು ಕತ್ತರಿಸಿ ತೆಗೆದು, ಎರಡೂ ತುದಿಗೆ ಹೊಸ ಪೈಪು ಜೋಡಿಸಬೇಕು. ಕತ್ತರಿಸಿದ ಕಡೆ ಲೈನರಿಗೂ ಮಣ್ಣಿನ ಪೈಪಿಗೂ ನಡುವೆ ನೀರು ಇಳಿಯದ ಹಾಗೆ ಮುಚ್ಚಬೇಕು. ಮತ್ತೆ ಟೆಸ್ಟ್. ಇದಕ್ಕೆ ಇನ್ನೂ 6,800. ಮೊದಲೇ ಪೂರ್ತಿ ಅಗೆಸಿದ್ದರೆ 14,000ಕ್ಕೆ ಮುಗಿಯುತ್ತಿತ್ತು.

ನೀವು ಹೀಗೆ ಮಾಡಿ. ಪೈಪು ತೊಳೆದ ಮೇಲೆ ತೆಗೆದ ವಿಡಿಯೋ ಕೇಳಿ. ಕಸ ಕಟ್ಟಿಕೊಂಡರೂ ನೀರು ನಿಲ್ಲುತ್ತದೆ, ತೊಳೆದ ಮೇಲೂ ನಿಂತರೆ ಅದು ಬೆಲ್ಲಿ. ದೂರದ ಲೆಕ್ಕ ಸೊನ್ನೆಯಿಂದ ರಸ್ತೆಯ ಸೀವರ್‌ವರೆಗೆ ಎಲ್ಲೂ ಜಿಗಿಯದೆ ಓಡಬೇಕು. ಎಲ್ಲಾದರೂ ಕ್ಯಾಮೆರಾ ಮುಳುಗಿದರೆ ಆ ಅಡಿ ಬರೆದುಕೊಳ್ಳಿ, "ಇದಕ್ಕೇನು ಮಾಡ್ತೀರ?" ಅಂತ ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಹಳೇ ಪೈಪು ಒಡೆದುಕೊಂಡು ಹೊಸದನ್ನು ಎಳೆಯುವ ಬರ್ಸ್ಟಿಂಗ್ ಮಾಡ್ತೀವಿ ಅಂದರೂ ಇದೇ ಪ್ರಶ್ನೆ ಕೇಳಿ, ಅದೂ ಬಹುತೇಕ ಹಳೇ ದಾರಿಯಲ್ಲೇ ಹೋಗುವುದು.

ಅಡ್ವಾನ್ಸ್ ವಿಷಯ ಕೂಡ. ನಮ್ಮಿಂದ ಅರ್ಧ ದುಡ್ಡು ಮೊದಲೇ ತಗೊಂಡರು. ಕ್ಯಾಲಿಫೋರ್ನಿಯಾದಲ್ಲಿ ಮನೆ ರಿಪೇರಿ ಕೆಲಸಕ್ಕೆ ಸಾಮಾನ್ಯವಾಗಿ 1,000 ಡಾಲರ್ ಅಥವಾ ಒಟ್ಟು ಬೆಲೆಯ ಶೇ. 10, ಇದರಲ್ಲಿ ಯಾವುದು ಕಡಿಮೆಯೋ ಅಷ್ಟೇ ಅಡ್ವಾನ್ಸ್ ತಗೊಳ್ಳಬಹುದು. ಕಾಂಟ್ರಾಕ್ಟರ್‌ಗಳಿಗೆ ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡಿಗೆ ದೂರು ಕೊಟ್ಟಿದ್ದೇನೆ, ಎರಡೂ ವಿಡಿಯೋ, ಅಡ್ವಾನ್ಸ್ ರಸೀದಿ ಎಲ್ಲ ಸೇರಿಸಿ. ದೂರು ಹೋದ ಮೇಲೆ ಮಾಲೀಕ ಮತ್ತೆ ಫೋನ್ ಮಾಡಿ, "ಅಗೆಯುವ ಕೆಲಸ ನಾವೇ ಡಿಸ್ಕೌಂಟ್‌ನಲ್ಲಿ ಮಾಡಿಕೊಡ್ತೀವಿ ಸರ್, ದೂರು ವಾಪಸ್ ತಗೊಳ್ಳಿ" ಅಂದ. ತಗೊಳ್ಳಲ್ಲ ಅಂದೆ.